ಐವತ್ತರ ಶಟರ್, ಐವತ್ತರ ಕರೆಂಟು

ಹೊಸ ಮಿರರ್‌ಲೆಸ್ ಕ್ಯಾಮೆರಾ ಕೈಗೆ ಬಂದ ದಿನವೇ ನಮ್ಮ ಹುಡುಗರು ತಪ್ಪದೆ ಮಾಡುವ ಕೆಲಸವೊಂದಿದೆ. ಮೆನುವಿನ ಒಳಹೊಕ್ಕು PAL ಎಂದಿರುವುದನ್ನು NTSC ಎಂದು ಬದಲಾಯಿಸುತ್ತಾರೆ. ಯೂಟ್ಯೂಬಿನಲ್ಲಿ ಅಮೆರಿಕದಲ್ಲಿ ಕೂತ ಯಾರೋ ಹೇಳಿಕೊಟ್ಟಿರುತ್ತಾರೆ: ಸಿನಿಮಾದಂತೆ ಕಾಣಬೇಕಾದರೆ ಸೆಕೆಂಡಿಗೆ 24 ಫ್ರೇಮ್ ಇಡಿ, ಇಲ್ಲದಿದ್ದರೆ 30 ಇಡಿ, ಶಟರ್ ಅದರ ಎರಡರಷ್ಟಿರಲಿ. ಕೆಲವು ಕ್ಯಾಮೆರಾಗಳಲ್ಲಿ ಪಾಲ್ ಇಟ್ಟರೆ 24ರ ಆಯ್ಕೆಯೇ ಕಾಣುವುದಿಲ್ಲ, 25 ಮತ್ತು 50 ಮಾತ್ರ. ಹಾಗಾಗಿ ಎನ್‌ಟಿಎಸ್‌ಸಿಗೆ ಬದಲಾಯಿಸಿ, ಕೇಳಿದರೆ ಕಾರ್ಡನ್ನೂ ಫಾರ್ಮ್ಯಾಟ್ ಮಾಡಿ, 30 ಫ್ರೇಮ್, ಶಟರ್ 1/60 ಎಂದು ನಿಶ್ಚಯಿಸಿಕೊಂಡು ಹೊರಡುತ್ತಾರೆ. ಹಗಲಿಡೀ ಏನೂ ತೊಂದರೆಯಿಲ್ಲ. ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ನಾಗಸಂದ್ರ ಮೆಟ್ರೊ ನಿಲ್ದಾಣದ ಕೆಳಗೆ, ತುಮಕೂರು ರಸ್ತೆಯ ಸರ್ವಿಸ್ ರಸ್ತೆಯಲ್ಲಿ ಟ್ಯೂಬ್‌ಲೈಟ್ ಹಾಕಿದ ಅಂಗಡಿಯೊಂದರ ಮುಂದೆ ನಿಂತು ರೆಕಾರ್ಡ್ ಒತ್ತಿದಾಗ ಬಣ್ಣ ಬಯಲಾಗುತ್ತದೆ. ಅಂಗಡಿಯ ಬಿಳಿ ಗೋಡೆಯ ಮೇಲೆ ಮಸುಕು ಪಟ್ಟೆಗಳು ಅತ್ತಿತ್ತ ಜಿಗಿಯುತ್ತವೆ, ಇಡೀ ಚಿತ್ರ ಮಿಣಮಿಣ ಎನ್ನುತ್ತದೆ. ಬರಿಗಣ್ಣಿಗೆ ಅದೇ ಟ್ಯೂಬ್‌ಲೈಟು ನೆಟ್ಟಗೆ ಉರಿಯುತ್ತಿರುತ್ತದೆ.

ಕ್ಯಾಮೆರಾ ಕೆಟ್ಟಿಲ್ಲ, ಎರಡರಷ್ಟು ಎಂಬ ಲೆಕ್ಕವೂ ಸುಳ್ಳಲ್ಲ. ಆ ಲೆಕ್ಕ ಹೇಳಿಕೊಟ್ಟವರ ಊರಿನ ಕರೆಂಟು ಬೇರೆ, ನಮ್ಮದು ಬೇರೆ. ವಿಡಿಯೊ ತೆಗೆಯುವವರಿಗೆ ಶಟರ್ ಎಂದರೆ ಎರಡು ಯಜಮಾನರಿರುವ ಆಳು. ಚಲನೆ ಹೇಗೆ ಕಾಣಬೇಕು ಎನ್ನುವುದು ಒಬ್ಬ ಯಜಮಾನ, ದೀಪ ಹೇಗೆ ಉರಿಯುತ್ತಿದೆ ಎನ್ನುವುದು ಇನ್ನೊಬ್ಬ. ನಮ್ಮ ಪುಣ್ಯಕ್ಕೆ ಈ ಇಬ್ಬರೂ ಒಪ್ಪುವ ಒಂದು ಜಾಗವಿದೆ: 25 ಫ್ರೇಮ್, 1/50 ಶಟರ್. ಅಲ್ಲಿ ಶಟರನ್ನು ನಿಲ್ಲಿಸಿಬಿಟ್ಟರೆ ಬೆಳಕಿನ ಹೆಚ್ಚುಕಡಿಮೆಯನ್ನೆಲ್ಲ ಅಪರ್ಚರ್, ಐಎಸ್‌ಒ ಮತ್ತು ಲೆನ್ಸಿನ ಮುಂದಿನ ಒಂದು ಕಪ್ಪು ಗಾಜು ಹೊತ್ತುಕೊಳ್ಳಬೇಕು. ಹೊರುವುದು ಹೇಗೆ ಎಂಬುದರಲ್ಲೇ ಕೆಲಸವೆಲ್ಲ ಇರುವುದು.

ಮೊದಲು ಎರಡರಷ್ಟು ಏಕೆ ಎಂಬುದನ್ನು ನೋಡೋಣ. ಇದು ಫಿಲ್ಮ್ ಕ್ಯಾಮೆರಾದ ಕಾಲದಿಂದ ಬಂದ ಬಳುವಳಿ. ಆ ಕ್ಯಾಮೆರಾಗಳಲ್ಲಿ ಫಿಲ್ಮಿನ ಮುಂದೆ ಒಂದು ತಟ್ಟೆ ತಿರುಗುತ್ತಿತ್ತು. ತಟ್ಟೆಯ ಅರ್ಧ ಭಾಗ ಕತ್ತರಿಸಿ ತೆಗೆದಿರುತ್ತಿದ್ದರು. ತೆರೆದ ಅರ್ಧ ಮುಂದೆ ಬಂದಾಗ ಫಿಲ್ಮಿನ ಮೇಲೆ ಬೆಳಕು ಬೀಳುತ್ತಿತ್ತು, ಮುಚ್ಚಿದ ಅರ್ಧ ಬಂದಾಗ ಯಂತ್ರ ಫಿಲ್ಮನ್ನು ಮುಂದಿನ ಚೌಕಕ್ಕೆ ಎಳೆದು ನಿಲ್ಲಿಸುತ್ತಿತ್ತು. ಒಂದು ಸುತ್ತಿಗೆ ಒಂದು ಫ್ರೇಮ್. ಮಾತಿನ ಚಿತ್ರಗಳು ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ ಎಂದು ಗೊತ್ತಾಯಿತು. ಒಂದು ಸುತ್ತಿಗೆ 1/24 ಸೆಕೆಂಡ್, ಅದರಲ್ಲಿ ತೆರೆದಿರುವುದು ಅರ್ಧ, ಅಂದರೆ 1/48. ವೃತ್ತದ ಅರ್ಧ 180 ಡಿಗ್ರಿ ಆದ್ದರಿಂದ ಛಾಯಾಗ್ರಾಹಕರು ಇದನ್ನು ‘180 ಡಿಗ್ರಿ ಶಟರ್’ ಎಂದು ಕರೆದರು. ಮಿರರ್‌ಲೆಸ್ ಕ್ಯಾಮೆರಾ ವಿಡಿಯೊ ತೆಗೆಯುವಾಗ ತಟ್ಟೆಯೂ ಇಲ್ಲ, ತಿರುಗುವುದೂ ಇಲ್ಲ. ಸೆನ್ಸರ್ ಎಷ್ಟು ಹೊತ್ತು ಬೆಳಕು ಕೂಡಿಸಬೇಕು ಎಂದು ಒಂದು ಸಂಖ್ಯೆ ಕೊಟ್ಟರೆ ಮುಗಿಯಿತು. ಆದರೂ ನೂರು ವರ್ಷದ ಸಿನಿಮಾ ನೋಡಿ ಪಳಗಿದ ಕಣ್ಣು ಆ ಅರ್ಧದ ಲೆಕ್ಕವನ್ನೇ ಸಹಜವೆಂದು ಒಪ್ಪುತ್ತದೆ.

ಅರ್ಧ ಎಂದರೇನು ಎಂದು ಅಳೆದು ನೋಡಲು ನಾಗಸಂದ್ರದಲ್ಲಿ ಒಳ್ಳೆಯ ಸಾಧನವೊಂದು ತಲೆಯ ಮೇಲೆಯೇ ಓಡಾಡುತ್ತದೆ. 2015ರ ಮೇ 1ರಿಂದ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮೆಟ್ರೊ ಹಸಿರು ಮಾರ್ಗದ ಉತ್ತರದ ಕೊನೆ ಇದೇ ಆಗಿತ್ತು. 2024ರ ನವೆಂಬರ್ 7ರಿಂದ ರೈಲು ಮುಂದೆ ಮಾದಾವರದವರೆಗೂ ಹೋಗುತ್ತದೆ. ನಿಲ್ದಾಣಕ್ಕೆ ಬರುತ್ತಿರುವ ರೈಲಿನ ವೇಗ ಗಂಟೆಗೆ 36 ಕಿಲೊಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭ, ಸೆಕೆಂಡಿಗೆ 10 ಮೀಟರ್. 25 ಫ್ರೇಮ್ ಇಟ್ಟರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ರೈಲು 40 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ಶಟರ್ 1/50 ಆದರೆ ಅದರಲ್ಲಿ 20 ಸೆಂಟಿಮೀಟರಿನ ಓಟ ಫ್ರೇಮಿನೊಳಗೆ ಬ್ಲರ್ ಆಗಿ ಬರೆದುಕೊಳ್ಳುತ್ತದೆ, ಉಳಿದ 20 ಸೆಂಟಿಮೀಟರನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಶಟರನ್ನು 1/1000ಕ್ಕೆ ಏರಿಸಿದರೆ ಬ್ಲರ್ ಒಂದೇ ಸೆಂಟಿಮೀಟರ್. ಪ್ರತಿ ಫ್ರೇಮಿನಲ್ಲೂ ಕಿಟಕಿಗಳ ಅಂಚು ಚೂಪಾಗಿ ಕಾಣುತ್ತದೆ, ಆದರೆ ಒಂದು ಚೂಪಾದ ಕಿಟಕಿಯಿಂದ ಮುಂದಿನದಕ್ಕೆ ನಡುವೆ 39 ಸೆಂಟಿಮೀಟರ್ ಖಾಲಿ. ರೈಲು ಓಡುವುದಿಲ್ಲ, ಕುಪ್ಪಳಿಸುತ್ತದೆ. ಕ್ಯಾಮೆರಾವನ್ನೇ ಅಡ್ಡಕ್ಕೆ ತಿರುಗಿಸುತ್ತ ತೆಗೆದರೆ ಹಿಂದಿನ ಕಂಬಗಳೂ ಕಟ್ಟಡಗಳೂ ಹೀಗೆಯೇ ಕುಪ್ಪಳಿಸುತ್ತವೆ. ಇನ್ನೊಂದು ತುದಿಗೆ ಹೋಗಿ 1/25 ಇಟ್ಟರೆ ನಲವತ್ತಕ್ಕೆ ನಲವತ್ತೂ ಬಳಿದುಕೊಂಡು, ರೈಲಿನ ಮೈಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಾಗುತ್ತದೆ.

ಪಕ್ಕದ ಪೀಣ್ಯದಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಇದೆ. ಈಗ ಅಲ್ಲಿನ ಸಣ್ಣ ವರ್ಕ್‌ಶಾಪುಗಳೂ ಗಿರಾಕಿಗಳಿಗೆ ತೋರಿಸಲು ವಿಡಿಯೊ ಮಾಡಿಸುತ್ತವೆ. ಲೇತ್ ಯಂತ್ರದ ಚಕ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ ಸರಿಯಾಗಿ 25. ಕ್ಯಾಮೆರಾ 25 ಫ್ರೇಮಿನಲ್ಲಿದ್ದರೆ ಪ್ರತಿ ಫ್ರೇಮಿಗೂ ಚಕ್ ಒಂದು ಪೂರ್ತಿ ಸುತ್ತು ಮುಗಿಸಿ ಹಿಂದಿದ್ದ ಜಾಗಕ್ಕೇ ಬಂದಿರುತ್ತದೆ. ಶಟರ್ 1/2000 ಇದ್ದರೆ ಆ ಹೊತ್ತಿನಲ್ಲಿ ಅದು ತಿರುಗುವುದು ನಾಲ್ಕೂವರೆ ಡಿಗ್ರಿ ಮಾತ್ರ. ವಿಡಿಯೊದಲ್ಲಿ ಚಕ್‌ನ ಮೂರು ದವಡೆಗಳೂ ಲೆಕ್ಕ ಹಾಕಬಹುದಾದಷ್ಟು ಸ್ಪಷ್ಟ, ಯಂತ್ರ ನಿಂತೇ ಇದೆ, ಆದರೆ ಕಬ್ಬಿಣದ ಚೂರು ಹಾರಿ ಬೀಳುತ್ತಿದೆ! 1/50 ಇಟ್ಟಾಗ ಅದೇ ಚಕ್ ಪ್ರತಿ ಫ್ರೇಮಿನಲ್ಲೂ ಅರ್ಧ ಸುತ್ತು ಬಳಿದುಕೊಂಡು ತಿರುಗುವ ಯಂತ್ರದಂತೆಯೇ ಕಾಣುತ್ತದೆ. ಫೋಟೊ ತೆಗೆದು ರೂಢಿಯಾದವರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಫೋಟೊದಲ್ಲಿ ಬ್ಲರ್ ತಪ್ಪು, ವಿಡಿಯೊದಲ್ಲಿ ಅದೇ ಅಂಟು.

ಇನ್ನು ಎರಡನೆಯ ಯಜಮಾನ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತ. ಪ್ರತಿ ಆವರ್ತದಲ್ಲಿ ವೋಲ್ಟೇಜು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗುವುದರಿಂದ ದೀಪ ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುತ್ತದೆ. ಚೋಕ್ ಹಾಕಿದ ಹಳೆಯ ಟ್ಯೂಬ್‌ಲೈಟಿನಲ್ಲಿ, ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಈ ಏರಿಳಿತ ಜೋರು. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿಯಲ್ಲಿ ತೀರಾ ಕಡಿಮೆ. ಶಟರ್ 1/100 ಇದ್ದರೆ ಪ್ರತಿ ಫ್ರೇಮಿಗೂ ಒಂದು ಪೂರ್ತಿ ಮಿಡಿತ ಸಿಗುತ್ತದೆ, 1/50 ಇದ್ದರೆ ಎರಡು ಪೂರ್ತಿ ಮಿಡಿತ. ಎಲ್ಲಿಂದ ಶುರುಮಾಡಿದರೂ ಮೊತ್ತ ಒಂದೇ. 1/60ರಲ್ಲಿ ಸಿಗುವುದು ಒಂದು ಮಿಡಿತ ಪೂರ್ತಿ, ಇನ್ನೊಂದರ ಮೂರನೇ ಎರಡು ಭಾಗ. ಒಂದು ಫ್ರೇಮಿಗೆ ಎರಡು ಶಿಖರಗಳೂ ದಕ್ಕಿದರೆ ಇನ್ನೊಂದಕ್ಕೆ ಒಂದೇ ದಕ್ಕುತ್ತದೆ. 30 ಫ್ರೇಮ್ ಮತ್ತು 100 ಮಿಡಿತಗಳ ನಡುವಿನ ಈ ಹೊಂದಾಣಿಕೆಯಿಲ್ಲದ ಆಟ ಪ್ರತಿ ಮೂರು ಫ್ರೇಮಿಗೊಮ್ಮೆ ಮರುಕಳಿಸುವುದರಿಂದ ವಿಡಿಯೊ ಸೆಕೆಂಡಿಗೆ ಸುಮಾರು ಹತ್ತು ಸಲ ಮಿಣುಕುತ್ತದೆ. ಕಣ್ಣಿಗೆ ಅತ್ಯಂತ ಕಿರಿಕಿರಿಯಾಗುವ ವೇಗ ಅದು. ಸಾಲದ್ದಕ್ಕೆ ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತ ಬರುತ್ತದೆ. ಮೇಲಿನ ಸಾಲುಗಳಿಗೆ ಒಂದು ಬೆಳಕು, ಕೆಳಗಿನವಕ್ಕೆ ಇನ್ನೊಂದು. ಗೋಡೆಯ ಮೇಲಿನ ಪಟ್ಟೆ ಅದೇ.

ಅಮೆರಿಕದ ಕರೆಂಟು 60 ಆವರ್ತ, ಅಲ್ಲಿನ ದೀಪ ಸೆಕೆಂಡಿಗೆ 120 ಸಲ ಮಿಡಿಯುತ್ತದೆ. ಅಲ್ಲಿ 30 ಫ್ರೇಮಿಗೆ 1/60 ಇಟ್ಟರೆ ಎರಡು ಪೂರ್ತಿ ಮಿಡಿತ, ಲೆಕ್ಕ ಚೊಕ್ಕ. ಅವರು ಹೇಳುವುದು ಅವರ ಊರಿಗೆ ಸರಿ. ಇಲ್ಲಿಂದ ಕ್ಯಾಮೆರಾ ಹಿಡಿದು ನ್ಯೂಜೆರ್ಸಿಯ ಮಗಳ ಮನೆಗೆ ಹೋದವರು ಮೊಮ್ಮಗುವಿನ ನಾಮಕರಣವನ್ನು 25 ಫ್ರೇಮ್, 1/50ರಲ್ಲಿ ತೆಗೆದರೆ ನಾಗಸಂದ್ರದ ಪಟ್ಟೆ ಅಲ್ಲಿ ಉಲ್ಟಾ ಹೊಡೆದು ಕಾಣಿಸಿಕೊಳ್ಳುತ್ತದೆ. ನಮ್ಮ ಟಿವಿಗೆ 25 ಫ್ರೇಮಿನ ಲೆಕ್ಕ ಬಂದದ್ದಕ್ಕೂ ಈ ಕರೆಂಟಿಗೂ ನಂಟಿದೆ. 50 ಆವರ್ತದ ದೇಶಗಳ ಟಿವಿ ಅದರ ಅರ್ಧವನ್ನು ಹಿಡಿಯಿತು, 1982ರಲ್ಲಿ ಇಲ್ಲಿಗೆ ಬಣ್ಣದ ಟಿವಿ ಬಂದಾಗ ಭಾರತ ಪಾಲ್ ಪದ್ಧತಿಯನ್ನೇ ಆರಿಸಿಕೊಂಡಿತು. ಆ ಪಾಲ್ ಟಿವಿಗಳು ಈಗ ಗುಜರಿ ಸೇರಿವೆ, ಮೊಬೈಲಿಗೆ 25 ಆದರೂ ಒಂದೇ, 30 ಆದರೂ ಒಂದೇ. ಟ್ಯೂಬ್‌ಲೈಟಿಗೆ ಮಾತ್ರ ಒಂದೇ ಅಲ್ಲ. 24 ಫ್ರೇಮ್ ಬೇಕೇ ಬೇಕು ಎನ್ನುವವರು 24 ಇಟ್ಟುಕೊಳ್ಳಲಿ, ಶಟರ್ 1/50 ಇದ್ದರೆ ಸಾಕು. ನಮ್ಮಲ್ಲಿ ಸಿನಿಮಾದವರು ಮಾಡುತ್ತಿದ್ದುದೂ ಅದನ್ನೇ. ಆರಿಯಂಥ ಫಿಲ್ಮ್ ಕ್ಯಾಮೆರಾಗಳ ಶಟರಿನಲ್ಲಿ 180ರ ಪಕ್ಕ 172.8 ಡಿಗ್ರಿ ಎಂಬ ವಿಚಿತ್ರ ಗುರುತು ಇರುತ್ತಿತ್ತು. 24 ಫ್ರೇಮಿನಲ್ಲಿ ಅದು ಸರಿಯಾಗಿ 1/50 ಸೆಕೆಂಡ್. 50 ಆವರ್ತದ ಕರೆಂಟಿನ ಊರುಗಳಿಗಾಗಿಯೇ ಇದ್ದ ಗುರುತು ಅದು. 30 ಫ್ರೇಮಿನಲ್ಲೇ ಬೇಕು ಎಂದರೂ ಶಟರನ್ನು 1/50ಕ್ಕೆ ಇಳಿಸಿ. ಎರಡರಷ್ಟು ಆಗದೆ ಬ್ಲರ್ ಕೂದಲೆಳೆಯಷ್ಟು ಹೆಚ್ಚಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಪಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಮದುವೆ ಛತ್ರಗಳಲ್ಲಿ ದುಡಿಯುವವರಿಗೆ ಇದೆಲ್ಲ ಬಾಯಿಪಾಠ. “ಅಣ್ಣ, ಶಟರ್ ಅರವತ್ತಕ್ಕೆ ಇಡ್ಲಾ?” ಎಂದು ಹೊಸ ಹುಡುಗ ಕೇಳಿದರೆ, “ಬೇಡ ಕಣೋ, ಐವತ್ತಕ್ಕೇ ಬಿಡು, ಮೇಲ್ಗಡೆ ಟ್ಯೂಬ್‌ಲೈಟ್ ಐತೆ” ಎಂದು ದೊಡ್ಡವನು ತಲೆಯೆತ್ತದೆಯೇ ಹೇಳಿಬಿಡುತ್ತಾನೆ.

ಶಟರ್ ಹೀಗೆ ಕಟ್ಟಿಹೋದ ಮೇಲೆ ಬೆಳಕಿನ ಕಥೆ. ಹಳೆಯ ಛಾಯಾಗ್ರಾಹಕರಿಗೆ ಇದು ನಮಗಿಂತ ಬಿಗಿಯಾಗಿತ್ತು. ಶಟರ್ ಬದಲಾಗದು, ಕ್ಯಾಮೆರಾದೊಳಗೆ ಹಾಕಿದ ಫಿಲ್ಮಿನ ವೇಗವೂ ಬದಲಾಗದು. ಉಳಿದದ್ದು ಅಪರ್ಚರ್, ಫಿಲ್ಟರ್ ಮತ್ತು ಬೆಳಕು ಮಾತ್ರ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಈ ವಿದ್ಯೆ ಕಲಿತು ಮುಂಬೈಗೆ ಹೋದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೊದೊಳಗೆ ಬೀಳುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಮೂಡಿಸಿದ್ದು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ನಮ್ಮ ಕೈಯಲ್ಲಿರುವ ಮಿರರ್‌ಲೆಸ್ ಐಎಸ್‌ಒ ಎಂಬ ಇನ್ನೊಂದು ತಿರುಪನ್ನೂ ಕೊಟ್ಟಿದೆ. ಅದನ್ನು ಹಗಲು ಒಂದು ರೀತಿ, ರಾತ್ರಿ ಇನ್ನೊಂದು ರೀತಿ ಬಳಸಬೇಕು.

ಒಂದು ಚಿತ್ರೀಕರಣವನ್ನೇ ಇಟ್ಟುಕೊಂಡು ನೋಡೋಣ. ಸರ್ವಿಸ್ ರಸ್ತೆಯ ಅಂಚಿನಲ್ಲಿ ಎಳನೀರು ಮಾರುವವರೊಬ್ಬರು, ಅವರ ಹಿಂದೆ ಮೇಲ್ಸೇತುವೆಯ ಮೇಲೆ ರೈಲು ಹಾದುಹೋಗಬೇಕು. ನಿಲ್ದಾಣದ ಒಳಗೆ ಚಿತ್ರೀಕರಣಕ್ಕೆ ಬಿಎಂಆರ್‌ಸಿಎಲ್ ಅನುಮತಿ ಬೇಕು, ನಾವು ಕೆಳಗೇ ನಿಂತಿದ್ದೇವೆ. ಮಧ್ಯಾಹ್ನ ಒಂದು ಗಂಟೆ, ನೆತ್ತಿ ಸುಡುವ ಬಿಸಿಲು. ಕ್ಯಾಮೆರಾ ಪೂರ್ತಿ ಮ್ಯಾನುಯಲ್‌ನಲ್ಲಿದೆ: 25 ಫ್ರೇಮ್, 1/50, ಐಎಸ್‌ಒ 100. ಫೋಟೊದವರ ಹಳೆಯ ಸೂತ್ರದ ಪ್ರಕಾರ ಇಂಥ ಬಿಸಿಲಲ್ಲಿ ಐಎಸ್‌ಒ 100ಕ್ಕೆ 1/100 ಶಟರ್ ಇದ್ದರೆ f/16 ಬೇಕು. ನಮ್ಮ ಶಟರ್ ಅದರ ಎರಡರಷ್ಟು ಹೊತ್ತು ತೆರೆದಿರುವುದರಿಂದ ಇನ್ನೊಂದು ಹೆಜ್ಜೆ ಮುಚ್ಚಿ f/22ಕ್ಕೆ ಹೋಗಬೇಕಾಗುತ್ತದೆ. ಬೆಳಕು ಎರಡರಷ್ಟಾಗುವ ಅಥವಾ ಅರ್ಧವಾಗುವ ಒಂದೊಂದು ಹೆಜ್ಜೆಗೂ ಸ್ಟಾಪ್ ಎನ್ನುತ್ತಾರೆ. 2.8, 4, 5.6, 8, 11, 16, 22 ಎಂಬ ಸಾಲಿನಲ್ಲಿ ಒಂದರಿಂದ ಮುಂದಿನದಕ್ಕೆ ಒಂದು ಸ್ಟಾಪ್.

f/22ರಲ್ಲಿ ತೆಗೆದರೆ ಎಕ್ಸ್‌ಪೋಶರ್ ಸರಿಯಾಗೇ ಬರುತ್ತದೆ, ಚಿತ್ರ ಮಾತ್ರ ಹಾಳು. ಅಷ್ಟು ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಅಂಚಿಗೆ ತಾಗಿ ಚದುರುವುದರಿಂದ ಇಡೀ ಚಿತ್ರ ಮೆತ್ತಗಾಗುತ್ತದೆ, ಒಳ್ಳೆಯ ಲೆನ್ಸಿಗೆ ಕೊಟ್ಟ ದುಡ್ಡು ನೀರುಪಾಲು. ಎಳನೀರಿನವರ ಮುಖದಿಂದ ಹಿಡಿದು ಹಿಂದಿನ ಫ್ಲೆಕ್ಸ್ ಬೋರ್ಡು, ಐಕಿಯಾದ ನೀಲಿ ಗೋಡೆಯವರೆಗೆ ಎಲ್ಲವೂ ಒಂದೇ ಸಮ ಫೋಕಸ್ಸಿನಲ್ಲಿದ್ದು, ಯಾರನ್ನು ನೋಡಬೇಕು ಎಂಬುದೇ ತಿಳಿಯುವುದಿಲ್ಲ. ಜೊತೆಗೆ ಸೆನ್ಸರ್ ಮೇಲೆ ಕೂತ ಧೂಳಿನ ಕಣಗಳೆಲ್ಲ ಆಕಾಶದಲ್ಲಿ ಚುಕ್ಕೆಗಳಾಗಿ ಹಾಜರಾಗುತ್ತವೆ. ತುಮಕೂರು ರಸ್ತೆಯಲ್ಲಿ ಲೆನ್ಸ್ ಬದಲಾಯಿಸುವವರಿಗೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಈ ಇಕ್ಕಟ್ಟಿನಲ್ಲಿ ಹೆಚ್ಚಿನವರು ಶಟರನ್ನೇ ಏರಿಸಿಬಿಡುತ್ತಾರೆ. f/4 ಇಟ್ಟು ಶಟರನ್ನು 1/1600ಕ್ಕೆ ಒಯ್ಯುತ್ತಾರೆ. ಹಿಂದೆ ರೈಲು ಕುಪ್ಪಳಿಸತೊಡಗುತ್ತದೆ, ಎಳನೀರು ಕೆತ್ತುವ ಮಚ್ಚು ಗಾಳಿಯಲ್ಲಿ ತುಂಡುತುಂಡಾಗಿ ಕಾಣುತ್ತದೆ.

ಇಲ್ಲಿ ಬೇಕಾದದ್ದು ಎನ್‌ಡಿ ಫಿಲ್ಟರ್, ಕ್ಯಾಮೆರಾಕ್ಕೆ ಹಾಕುವ ಕೂಲಿಂಗ್ ಗ್ಲಾಸ್. ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಬೂದು ಗಾಜು. f/22ರಿಂದ f/4ಕ್ಕೆ ಎಣಿಸಿ: 16, 11, 8, 5.6, 4. ಐದು ಸ್ಟಾಪ್. ಎರಡನ್ನು ಐದು ಸಲ ಗುಣಿಸಿದರೆ 32. ಎನ್‌ಡಿ 32 ಎಂದು ಅಚ್ಚಾದ ಗಾಜು ತಿರುಗಿಸಿ ಕೂರಿಸಿದರೆ 1/50, ಐಎಸ್‌ಒ 100, f/4 ಮೂರೂ ನೆಟ್ಟಗೆ ಕೂರುತ್ತವೆ. ಹಿಂದಿನ ಬೋರ್ಡುಗಳು ಮಸುಕಾಗಿ ಮುಖ ಮುಂದಕ್ಕೆ ಬರುತ್ತದೆ. ಲಾಗ್ ಪ್ರೊಫೈಲಿನಲ್ಲಿ ತೆಗೆಯುವವರು ಇಲ್ಲಿ ಎಡವುತ್ತಾರೆ. ಬಣ್ಣ ತಿದ್ದಲು ಅವಕಾಶ ಹೆಚ್ಚು ಎಂದು ಲಾಗ್ ಹಾಕಿದ ತಕ್ಷಣ ಹಲವು ಕ್ಯಾಮೆರಾಗಳು ಐಎಸ್‌ಒ 640 ಅಥವಾ 800ಕ್ಕಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. 100ರಿಂದ 800 ಎಂದರೆ ಮೂರು ಸ್ಟಾಪ್ ಜಾಸ್ತಿ. ಈಗ ಐದಲ್ಲ, ಎಂಟು ಸ್ಟಾಪ್ ತಗ್ಗಿಸಬೇಕು, ಎನ್‌ಡಿ 256 ಬೇಕು. ಎರಡರಿಂದ ಐದು ಸ್ಟಾಪ್ ತಿರುಗುವ ವೇರಿಯಬಲ್ ಎನ್‌ಡಿ ತಂದವರು ಅದನ್ನು ಕೊನೆ ಮುಟ್ಟುವವರೆಗೂ ತಿರುಗಿಸುತ್ತಾರೆ, ಅಗ್ಗದ ಗಾಜಾದರೆ ಆ ತುದಿಯಲ್ಲಿ ಚಿತ್ರದ ಮೇಲೆ ದೊಡ್ಡ ಕಪ್ಪು ಗುಣಾಕಾರದ ಗುರುತು ಬೀಳುತ್ತದೆ. ವೇರಿಯಬಲ್ ಎನ್‌ಡಿ ಎಂದರೆ ಒಂದರ ಮೇಲೊಂದು ಇಟ್ಟ ಎರಡು ಪೋಲರೈಸಿಂಗ್ ಗಾಜುಗಳು, ಅವುಗಳ ಕೋನ ಅತಿಯಾದಾಗ ಆಗುವ ರಗಳೆ ಇದು. ವೈಡ್ ಲೆನ್ಸಿನಲ್ಲಿ ಇನ್ನೂ ಬೇಗ ಕಾಣುತ್ತದೆ. ನನ್ನನ್ನು ಕೇಳಿದರೆ, ಬಿಸಿಲಲ್ಲೇ ಹೆಚ್ಚು ಕೆಲಸ ಮಾಡುವವರು ವೇರಿಯಬಲ್ ಬಿಟ್ಟು ಒಂದೊಂದೇ ಅಂಕೆಯ ಎರಡು ಒಳ್ಳೆಯ ಗಾಜು ಕೊಳ್ಳುವುದು ಮೇಲು. ಇರುವುದರಲ್ಲಿ ದೊಡ್ಡ ಲೆನ್ಸಿನ ಅಳತೆಗೆ ಕೊಂಡು, ಚಿಕ್ಕ ಲೆನ್ಸುಗಳಿಗೆ ಸ್ಟೆಪ್-ಅಪ್ ರಿಂಗ್ ಹಾಕಿಕೊಂಡರೆ ಆಯಿತು.

ನಾಗಸಂದ್ರದಲ್ಲಿ ಗಾಜಿಲ್ಲದವರಿಗೂ ಒಂದು ದಾರಿಯಿದೆ. ಮೆಟ್ರೊ ಮೇಲ್ಸೇತುವೆಯ ನೆರಳು. ಬಿಸಿಲಿಗೂ ಆ ನೆರಳಿಗೂ ಸುಮಾರು ಮೂರು ಸ್ಟಾಪ್ ಅಂತರ. ಎಳನೀರಿನವರು ನೆರಳಿನಲ್ಲಿದ್ದರೆ f/22ರ ಬದಲು f/8 ಸಾಕು, ಕಿಟ್ ಲೆನ್ಸಿಗೆ ಒಗ್ಗುವ ಅಪರ್ಚರ್ ಅದು. ಆದರೆ ಮುಖಕ್ಕೆ ಸರಿಮಾಡಿದಾಗ ಹಿಂದಿನ ಬಿಸಿಲು ರಸ್ತೆ ಮೂರು ಸ್ಟಾಪ್ ಹೆಚ್ಚಾಗಿ ಬೆಳ್ಳಗೆ ಸುಟ್ಟುಹೋಗಬಹುದು. ಇದನ್ನು ಊಹಿಸುತ್ತ ಕೂರಬೇಕಿಲ್ಲ, ಜೀಬ್ರಾ ಹಾಕಿಕೊಳ್ಳಿ. ಸುಡುವ ಜಾಗದಲ್ಲೆಲ್ಲ ಪರದೆಯ ಮೇಲೆ ಓರೆ ಗೆರೆಗಳು ಓಡಾಡುತ್ತವೆ. ಆಕಾಶದಲ್ಲಿ ಗೆರೆ ಬಂದರೆ ಚಿಂತೆಯಿಲ್ಲ, ಅವರ ಬಿಳಿ ಅಂಗಿಯ ಹೆಗಲ ಮೇಲೆ ಬಂದರೆ ಅಪರ್ಚರನ್ನು ಅರ್ಧ ಸ್ಟಾಪ್ ಮುಚ್ಚಬೇಕು. ಕ್ಯಾಮೆರಾದ ಪರದೆಯನ್ನೇ ನಂಬಿ ಬೆಳಕು ನಿರ್ಧರಿಸುವುದು ಬೇಡ. ಬಿಸಿಲಲ್ಲಿ ಪರದೆ ಕಪ್ಪಾಗಿ ಕಂಡು ನಾವು ಬೆಳಕು ಹೆಚ್ಚಿಸುತ್ತೇವೆ, ರಾತ್ರಿ ಅದೇ ಪರದೆ ಝಗಮಗಿಸಿ ಕಡಿಮೆ ಮಾಡಿಸುತ್ತದೆ.

ಸಂಜೆಗೆ ಎಲ್ಲ ತಲೆಕೆಳಗು. ಎನ್‌ಡಿ ಬಿಚ್ಚಿ ಬ್ಯಾಗಿಗೆ ಹಾಕಿ. 25 ಫ್ರೇಮ್, 1/50 ಹಾಗೇ ಇರಲಿ. ಬೆಳಕು ಸಾಲದಾಗ ಶಟರನ್ನು 1/25ಕ್ಕೆ ಇಳಿಸುವ ಆಸೆ ಬರುತ್ತದೆ. ಮಿಣುಕು ಬರುವುದಿಲ್ಲ, ನಿಜ, ನಾಲ್ಕು ಪೂರ್ತಿ ಮಿಡಿತ ಸಿಗುತ್ತದೆ. ಆದರೆ ಕೈ ಬೀಸಿದರೆ ಬಾಲ ಬರುತ್ತದೆ. ಅಲುಗಾಡದ ದೃಶ್ಯಕ್ಕೆ ಸರಿ, ಮನುಷ್ಯರಿರುವ ದೃಶ್ಯಕ್ಕೆ ಬೇಡ. ಈಗ ಅಪರ್ಚರ್ ಮೊದಲು, ಐಎಸ್‌ಒ ಆಮೇಲೆ. ಟ್ಯೂಬ್‌ಲೈಟ್ ಇರುವ ಅಂಗಡಿಯೊಳಗೆ f/2.8, ಐಎಸ್‌ಒ 400ರ ಆಸುಪಾಸು ಸಾಕಾಗಬಹುದು. ಹೊರಗೆ ಬೀದಿದೀಪದ ಕೆಳಗೆ f/2ರಲ್ಲೂ ಐಎಸ್‌ಒ 800 ಕೇಳುತ್ತದೆ. ಕ್ಯಾಮೆರಾ ಜೊತೆ ಬರುವ 3.5-5.6 ಕಿಟ್ ಲೆನ್ಸನ್ನು ಜೂಮ್ ಮಾಡಿ ಹಿಡಿದರೆ ಅಪರ್ಚರ್ f/5.6ಕ್ಕಿಂತ ತೆರೆಯುವುದಿಲ್ಲ. f/2ರಿಂದ ಅಲ್ಲಿಗೆ ಮೂರು ಸ್ಟಾಪ್. ಅದೇ ಬೀದಿಗೆ ಈಗ ಐಎಸ್‌ಒ 6400. ಚಿತ್ರ ಬರುತ್ತದೆ, ನೆರಳಿನ ಜಾಗದಲ್ಲೆಲ್ಲ ರವೆ ಚೆಲ್ಲಿದಂತೆ ಕಾಳು ಕುಣಿಯುತ್ತದೆ. ಈ ಲೆನ್ಸಿನ ಇನ್ನೊಂದು ತೊಂದರೆ, ರೆಕಾರ್ಡ್ ಆಗುತ್ತಿರುವಾಗ ಜೂಮ್ ಮಾಡಿದರೆ ಅಪರ್ಚರ್ ತಾನೇ ಕುಗ್ಗಿ ಚಿತ್ರ ಕಣ್ಣೆದುರೇ ಕತ್ತಲಾಗುತ್ತದೆ. 50 ಎಂಎಂ f/1.8 ಲೆನ್ಸೊಂದು ಸಂಜೆಯ ನಾಗಸಂದ್ರದಲ್ಲಿ ಹೊಸ ಕ್ಯಾಮೆರಾಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಐಎಸ್‌ಒಗೆ ಹೆದರಿ ಕತ್ತಲಾಗಿ ತೆಗೆದು ಆಮೇಲೆ ಎಡಿಟಿಂಗಿನಲ್ಲಿ ಎತ್ತಿದರಾಯಿತು ಎನ್ನುವವರಿದ್ದಾರೆ. ವಿಡಿಯೊ ಫೈಲುಗಳು ಫೋಟೊದ ರಾ ಫೈಲಿನಂತಲ್ಲ, ಕ್ಯಾಮೆರಾ ಕತ್ತಲ ಭಾಗದ ವಿವರವನ್ನು ಒತ್ತಿ ಹಿಂಡಿ ಬಿಸಾಡಿರುತ್ತದೆ. ಎತ್ತಿದಾಗ ಸಿಗುವುದು ಚೌಕಚೌಕವಾದ ಕೊಳೆ. 1600ರಲ್ಲಿ ಸರಿಯಾಗಿ ತೆಗೆದ ಕ್ಲಿಪ್ಪು 400ರಲ್ಲಿ ಕಪ್ಪಾಗಿ ತೆಗೆದು ಎತ್ತಿದ ಕ್ಲಿಪ್ಪಿಗಿಂತ ಶುಭ್ರ. ಆಟೊ ಐಎಸ್‌ಒ ಬಗ್ಗೆ ಮಾತ್ರ ಎಚ್ಚರ. ಎಳನೀರಿನವರು ಮಾತಾಡುತ್ತಿರುವಾಗ ಹಿಂದೆ ಹೆಡ್‌ಲೈಟ್ ಹಾಕಿಕೊಂಡು ಬಿಎಂಟಿಸಿ ಬಸ್ಸು ಬಂತೆನ್ನಿ. ಕ್ಯಾಮೆರಾ ‘ಬೆಳಕು ಜಾಸ್ತಿಯಾಯಿತು’ ಎಂದು ತಿಳಿದು ಐಎಸ್‌ಒ ಇಳಿಸುತ್ತದೆ, ಮುಖ ಕಪ್ಪಾಗುತ್ತದೆ, ಬಸ್ಸು ಹೋದ ಮೇಲೆ ನಿಧಾನ ಬೆಳಗುತ್ತದೆ. ಎಡಿಟಿಂಗಿನಲ್ಲಿ ಇದನ್ನು ಸರಿಮಾಡುವುದು ತಲೆನೋವು. ನಿಂತಲ್ಲೇ ನಿಂತು ತೆಗೆಯುವಾಗ ಐಎಸ್‌ಒ ಕೈಯಲ್ಲೇ ಇರಲಿ. ಬಿಸಿಲಿನಿಂದ ಅಂಗಡಿಯೊಳಕ್ಕೆ ನಡೆದುಕೊಂಡು ಹೋಗುವ ಶಾಟ್ ಆದರೆ ಆಟೊ ಹಾಕಿ, ಮೇಲಿನ ಮಿತಿಯನ್ನು 3200ಕ್ಕೆ ಕಟ್ಟಿ.

ಎಲ್ಲ ಮಾಡಿದ ಮೇಲೂ ಪಟ್ಟೆ ಬಂದರೆ ದೀಪದ ಮೇಲೆ ಅನುಮಾನ ಪಡಬೇಕು. ಡಿಮ್ಮರ್ ಇರುವ ಎಲ್‌ಇಡಿ, ಬಸ್ಸಿನ ಊರು ತೋರಿಸುವ ಬೋರ್ಡು, ಜಾಹೀರಾತಿನ ಪರದೆ ಇವೆಲ್ಲ ಕರೆಂಟಿನ ತಾಳಕ್ಕಲ್ಲ, ತಮ್ಮದೇ ತಾಳಕ್ಕೆ ಮಿಡಿಯುತ್ತವೆ. ಕೆಲವು ಕ್ಯಾಮೆರಾಗಳಲ್ಲಿ ಶಟರನ್ನು 1/50.3, 1/51.2 ಹೀಗೆ ಚೂರುಚೂರೇ ಸರಿಸುವ ಸೌಲಭ್ಯವಿದೆ, ಪಟ್ಟೆ ಮಾಯವಾಗುವವರೆಗೆ ತಿರುಪಿ ನಿಲ್ಲಿಸಬಹುದು. ಅದಿಲ್ಲದಿದ್ದರೆ ಜಾಗ ಬದಲಿಸುವುದು ಲೇಸು. ಪರೀಕ್ಷೆ ಸುಲಭ: ಬಿಳಿ ಗೋಡೆಯೊಂದನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ, ವಾಪಸ್ ಓಡಿಸಿ ನೋಡಿ. ತೆಗೆಯುವಾಗಿನ ಪರದೆಯನ್ನು ನಂಬಬೇಡಿ, ಅದು ತನ್ನದೇ ವೇಗದಲ್ಲಿ ಚಿತ್ರ ತೋರಿಸುವುದರಿಂದ ಇಲ್ಲದ ಪಟ್ಟೆ ತೋರಿಸಲೂಬಹುದು, ಇದ್ದದ್ದನ್ನು ಮುಚ್ಚಲೂಬಹುದು.

ಎರಡರಷ್ಟು ಎಂಬುದನ್ನು ಬೇಕೆಂದೇ ಮುರಿದವರೂ ಇದ್ದಾರೆ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ನ ಯುದ್ಧದ ದೃಶ್ಯಗಳಲ್ಲಿ ಛಾಯಾಗ್ರಾಹಕ ಯಾನುಶ್ ಕಮಿನ್ಸ್ಕಿ ಶಟರನ್ನು 90, 45 ಡಿಗ್ರಿಗೆ ಕಿರಿದು ಮಾಡಿ, ಹಾರುವ ಮಣ್ಣಿನ ಕಣಕಣವೂ ಕುಕ್ಕುವ ಹಾಗೆ ಮಾಡಿದರು. ನಡುಕ ಹುಟ್ಟಿಸುವುದೇ ಅಲ್ಲಿ ಉದ್ದೇಶವಾಗಿತ್ತು. ಎಳನೀರಿನವರ ವಿಡಿಯೊಗೆ ಆ ನಡುಕ ಬೇಕಿಲ್ಲ.

ಅವರ ಮಚ್ಚಿನ ಹೊಡೆತಕ್ಕೆ ಸ್ಲೋಮೋಷನ್ ಬೇಕೆನ್ನಿಸಿದರೆ ಪಾಲ್‌ನಲ್ಲಿ 100 ಫ್ರೇಮಿನ ಆಯ್ಕೆ ಇದ್ದರೆ ಅದನ್ನು ಹಿಡಿಯಿರಿ. 25ರ ಟೈಮ್‌ಲೈನಿಗೆ ಹಾಕಿದರೆ ಸರಿಯಾಗಿ ನಾಲ್ಕು ಪಟ್ಟು ನಿಧಾನ. ಹಗಲಿನಲ್ಲಿ ಶಟರ್ 1/200. ಬೆಳಕು ಎರಡು ಸ್ಟಾಪ್ ಕಡಿಮೆಯಾಗುವುದರಿಂದ ಮಧ್ಯಾಹ್ನ ಹಾಕಿದ್ದ ಅದೇ ಎನ್‌ಡಿ 32ರಲ್ಲಿ f/4ನ್ನು f/2ಕ್ಕೆ ತೆರೆಯಬೇಕು, ಇಲ್ಲವೇ ಗಾಜು ಬದಲಿಸಿ ಎನ್‌ಡಿ 8 ಹಾಕಿ f/4ನ್ನೇ ಉಳಿಸಿಕೊಳ್ಳಬಹುದು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ 1/200 ಇಟ್ಟರೆ ಅರ್ಧ ಮಿಡಿತವಷ್ಟೇ ಸಿಗುತ್ತದೆ. ಫ್ರೇಮುಗಳೂ ಮಿಡಿತಗಳೂ ಸೆಕೆಂಡಿಗೆ ನೂರೇ ಆದ್ದರಿಂದ ಪಟ್ಟೆ ಜಿಗಿಯುವುದಿಲ್ಲ, ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಕರೆಂಟಿನ ಆವರ್ತ 50ರಿಂದ ಕೂದಲೆಳೆಯಷ್ಟು ಆಚೀಚೆ ಆಗುತ್ತಲೇ ಇರುವುದರಿಂದ ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ತೆವಳುತ್ತದೆ. ಆಗ ಎರಡರಷ್ಟನ್ನು ಬಿಟ್ಟು ಶಟರನ್ನು 1/100ಕ್ಕೇ ಇಳಿಸಬೇಕು. ಮಚ್ಚಿನ ಬ್ಲರ್ ಸ್ವಲ್ಪ ಉದ್ದವಾಗುತ್ತದೆ, ಗೋಡೆ ಶುಭ್ರವಾಗುತ್ತದೆ. 120 ಫ್ರೇಮ್ ಇಟ್ಟುಕೊಂಡು ಬಂದವರಿಗೆ ಈ ದಾರಿಯೂ ಇಲ್ಲ. ಅವರ ಶಟರ್ 1/120ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಅಂಗಡಿಯವರನ್ನು ಕೇಳಿ ಟ್ಯೂಬ್‌ಲೈಟ್ ಆರಿಸಿ ತಮ್ಮ ಬ್ಯಾಟರಿ ಲೈಟ್ ಹಚ್ಚಿಕೊಳ್ಳಬೇಕು.